ಒಂದೇ ಇತಿಹಾಸ ಪತ್ರಿಕೆ, ಐದು ಜನ ಮೌಲ್ಯಮಾಪಕರು: ಒಬ್ಬರ ಬಂಡಲ್‌ಗೆ 9 ಅಂಕ ಕೂಡಿಸಿದರೆ ನ್ಯಾಯವಾಗುತ್ತಾ?

ಮಂಡ್ಯ ಇತಿಹಾಸ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಸ್ವಾಯತ್ತ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈ ಸಲ ಪರೀಕ್ಷಾ ಮಂಡಳಿಯ ಅಧ್ಯಕ್ಷತೆ ನನಗೆ ಬಂದಿದೆ. ಪದವಿಯ ಆಧುನಿಕ ಮೈಸೂರಿನ ಇತಿಹಾಸ ಪತ್ರಿಕೆ. 80 ಅಂಕ, ಪಾಸಾಗಲು 32 ಬೇಕು. 620 ಉತ್ತರ ಪತ್ರಿಕೆಗಳನ್ನು ಐದು ಜನರಿಗೆ ತಲಾ 124ರಂತೆ ಹಂಚಿದ್ದೆವು. ವ್ಯಾಲ್ಯೂಯೇಷನ್ ಮುಗಿದಿದೆ, ರಿಸಲ್ಟ್ ಇನ್ನೂ ಕೊಟ್ಟಿಲ್ಲ.

ಅಂಕಪಟ್ಟಿ ಕೈಗೆ ಬಂದಾಗ ಒಂದು ವಿಷಯ ಎದ್ದು ಕಂಡಿತು. ಒಬ್ಬೊಬ್ಬರ ಬಂಡಲ್‌ನ ಸರಾಸರಿ ಹೀಗಿದೆ: 49, 47, 38, 46, 45. ಮೂರನೆಯವರದ್ದು ಮಾತ್ರ ಅಷ್ಟು ಕೆಳಗೆ. ಅವರ ಬಂಡಲ್‌ನಲ್ಲಿ 41 ಮಕ್ಕಳು ಫೇಲ್. ಅವರು ಬಿಗಿ ಅಂತ ವಿಭಾಗದಲ್ಲಿ ಎಲ್ಲರಿಗೂ ಗೊತ್ತು. "ಉಳಿದವರ ಸರಾಸರಿ 47, ಇವರದ್ದು 38, ಆದ್ದರಿಂದ ಇವರ ಬಂಡಲ್‌ಗೆ ಎಲ್ಲರಿಗೂ 9 ಅಂಕ ಕೂಡಿಸಿ ಮುಗಿಸಿ" ಅಂತ ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಯಾಕೆ ತಪ್ಪು ಅಂತ ಸರಿಯಾಗಿ ಹೇಳಲೂ ಆಗುತ್ತಿಲ್ಲ. ಮೌಲ್ಯಮಾಪನದಲ್ಲಿ ಪಳಗಿದವರು ದಯವಿಟ್ಟು ಹೇಳಿ.

ಸಕ್ಕರೆ ನಾಡು

ಕೂಡಿಸಿ ಸರ್, ಮಕ್ಕಳ ಒಂದು ವರ್ಷ ಉಳಿಯುತ್ತದೆ.

ಕೆಂಪು ಪೆನ್

ಇದು ಅನ್ಯಾಯ. ಬಿಗಿಯಾಗಿ ನೋಡಿದವರೇ ತಪ್ಪು ಮಾಡಿದ್ದಾರೆ ಅಂತ ಹೇಗೆ ತೀರ್ಮಾನ ಮಾಡಿದಿರಿ? ಉಳಿದ ನಾಲ್ವರು ಧಾರಾಳವಾಗಿ ಕೊಟ್ಟಿರಬಹುದು. ನಾನೂ ಡಿಗ್ರಿ ಪತ್ರಿಕೆ ನೋಡುತ್ತೇನೆ, ನನಗೂ ಈ ಹೆಸರಿದೆ. ಇತಿಹಾಸದಲ್ಲಿ ಪುಟ ತುಂಬಿಸಿದವರಿಗೆಲ್ಲ 15ಕ್ಕೆ 12 ಕೊಡುವ ಅಭ್ಯಾಸ ಬಂದುಬಿಟ್ಟಿದೆ.

ಅಂಕಿಸಂಖ್ಯೆ

ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ನಾನು. ಬರೀ 9 ಕೂಡಿಸುವುದು ಒರಟು ದಾರಿ. ಅದಕ್ಕಿಂತ ಒಳ್ಳೆಯದಿದೆ. ಪ್ರತಿಯೊಬ್ಬರ ಸರಾಸರಿಯ ಜೊತೆಗೆ ಅಂಕಗಳು ಎಷ್ಟು ಹರಡಿಕೊಂಡಿವೆ ಅಂತಲೂ ಲೆಕ್ಕ ಹಾಕಿ. ಒಂದು ಅಂಕದಿಂದ ಆ ಮೌಲ್ಯಮಾಪಕರ ಸರಾಸರಿ ಕಳೆಯಿರಿ, ಅವರ ಹರವಿನಿಂದ ಭಾಗಿಸಿ, ಒಟ್ಟು 620ರ ಹರವಿನಿಂದ ಗುಣಿಸಿ, ಒಟ್ಟು ಸರಾಸರಿ ಕೂಡಿಸಿ. ಐದೂ ಬಂಡಲ್ ಒಂದೇ ಮಟ್ಟಕ್ಕೆ ಬರುತ್ತವೆ. ಎಕ್ಸೆಲ್‌ನಲ್ಲಿ ಅರ್ಧ ಗಂಟೆ ಕೆಲಸ.

ಹಳೇ ಚೀಫ್

ಮೈಸೂರಿನವಳು, ನಿವೃತ್ತಿಯಾಗಿದ್ದೇನೆ. ಇತಿಹಾಸದ ವ್ಯಾಲ್ಯೂಯೇಷನ್ ಕ್ಯಾಂಪ್‌ಗಳಲ್ಲಿ ಚೀಫ್ ಆಗಿ ಸುಮಾರು ಕೆಲಸ ಮಾಡಿದ್ದೇನೆ. ಮಂಡ್ಯ ಇತಿಹಾಸ ಅವರೇ, ಉತ್ತರ ಹೇಳುವ ಮೊದಲು ಎರಡು ಪ್ರಶ್ನೆ.

ಬಂಡಲ್‌ಗಳನ್ನು ಹೇಗೆ ಹಂಚಿದಿರಿ? ಕಲಸಿ ಹಂಚಿದಿರಾ, ರಿಜಿಸ್ಟರ್ ನಂಬರ್ ಸಾಲಿನಲ್ಲೇ ಕಟ್ಟಿ ಕೊಟ್ಟಿರಾ?

ಎರಡನೆಯದು, ನಾಲ್ಕನೆಯವರ ಬಂಡಲ್‌ನಲ್ಲಿ ಎಷ್ಟು ಜನ ಫೇಲ್, 60 ದಾಟಿದವರು ಎಷ್ಟು?

ಮಂಡ್ಯ ಇತಿಹಾಸ

ಮೇಡಮ್, ರಿಜಿಸ್ಟರ್ ನಂಬರ್ ಸಾಲಿನಲ್ಲೇ ಕೊಟ್ಟಿದ್ದು. ಮೂರನೆಯವರಿಗೆ ಹೋದದ್ದು ಹೆಚ್ಚುಕಡಿಮೆ ಒಂದೇ ಸೆಕ್ಷನ್‌ನ ಮಕ್ಕಳು. ನಾಲ್ಕನೆಯವರಲ್ಲಿ ಫೇಲ್ 2. ಅರವತ್ತು ದಾಟಿದವರು ಒಬ್ಬರೂ ಇಲ್ಲ. ಉಳಿದ ಮೂವರ ಬಂಡಲ್‌ಗಳಲ್ಲಿ ಫೇಲ್ 14ರಿಂದ 19ರವರೆಗೆ ಇದೆ, ಅರವತ್ತು ದಾಟಿದವರೂ ಹದಿನೈದು ಇಪ್ಪತ್ತು ಜನ ಇದ್ದಾರೆ. ನಾಲ್ಕನೆಯವರ ಬಗ್ಗೆ ಯಾಕೆ ಕೇಳಿದಿರಿ? ಅವರ ಸರಾಸರಿ ಸರಿಯಾಗಿಯೇ ಇದೆ ಅಲ್ವಾ?

ಹಳೇ ಚೀಫ್

ಅದಕ್ಕೇ ಕೇಳಿದ್ದು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಅಂಕಿಸಂಖ್ಯೆ ಸರ್ ಹೇಳಿದ್ದಕ್ಕೆ. ಸರ್, ನಿಮ್ಮ ಲೆಕ್ಕ ತಪ್ಪಲ್ಲ, ಆದರೆ ಅದು ಒಂದು ಮಾತನ್ನು ನಂಬಿಕೊಂಡು ನಿಂತಿದೆ. ಐದು ಬಂಡಲ್‌ಗಳಲ್ಲೂ ಸರಿಸುಮಾರು ಒಂದೇ ಮಟ್ಟದ ಮಕ್ಕಳಿದ್ದಾರೆ ಅನ್ನುವ ನಂಬಿಕೆ ಅದು. ಪತ್ರಿಕೆಗಳನ್ನು ಕಲಸಿ ಹಂಚಿದ್ದರೆ, ಒಬ್ಬೊಬ್ಬರ ಕೈಗೆ 124 ಸಿಕ್ಕಾಗ ಅದು ನಿಜವಾಗುತ್ತಿತ್ತು. ಇಲ್ಲಿ ಒಂದು ಸೆಕ್ಷನ್ ಇಡೀ ಒಬ್ಬರ ಮೇಜಿಗೆ ಹೋಗಿದೆ. ಆ ಸೆಕ್ಷನ್ನೇ ಹಿಂದೆ ಇದ್ದರೆ ಸರಾಸರಿ ಕೆಳಗೆ ಬರಲೇಬೇಕು, ಅದರಲ್ಲಿ ಮೇಷ್ಟ್ರ ಬಿಗಿ ಏನೂ ಇಲ್ಲ. 38 ಅನ್ನುವ ಸರಾಸರಿಯಲ್ಲಿ ಮಕ್ಕಳ ಪಾಲೆಷ್ಟು, ಪೆನ್ನಿನ ಪಾಲೆಷ್ಟು ಅಂತ ಆ ಸಂಖ್ಯೆಯನ್ನು ಎಷ್ಟು ಹೊತ್ತು ನೋಡಿದರೂ ಗೊತ್ತಾಗುವುದಿಲ್ಲ.

ಗೊತ್ತಾಗುವ ದಾರಿ ಒಂದೇ, ಮಾಡರೇಷನ್, ಅಂದರೆ ಬೇರೆ ಬೇರೆ ಕೈಗಳ ಅಂಕವನ್ನು ಒಂದೇ ಅಳತೆಗೆ ತರುವುದು. ಒಂದೇ ಉತ್ತರ ಪತ್ರಿಕೆಯನ್ನು ಐವರೂ ನೋಡಬೇಕು. ಐದೂ ಬಂಡಲ್‌ಗಳಿಂದ ಎರಡೆರಡರಂತೆ 10 ಪತ್ರಿಕೆ ತೆಗೆಯಿರಿ. ತುಂಬಾ ಚೆನ್ನಾಗಿ ಬರೆದದ್ದು, ಸಾಧಾರಣದ್ದು, 32ರ ಆಸುಪಾಸಿನದ್ದು, ಫೇಲಾದದ್ದು ಎಲ್ಲವೂ ಇರಲಿ. ಹಳೆಯ ಅಂಕ, ಕೆಂಪು ಗೆರೆ, ಟಿಕ್ ಏನೂ ಕಾಣದ ಹಾಗೆ ಮುಚ್ಚಿ ಜೆರಾಕ್ಸ್ ಮಾಡಿಸಿ. ಇದು ಮುಖ್ಯ, ಯಾಕೆಂದರೆ ಮೊದಲಿನವರು 11 ಕೊಟ್ಟದ್ದು ಕಂಡರೆ ಎರಡನೆಯವರ ಕೈ 10, 11, 12 ದಾಟುವುದಿಲ್ಲ. ಐವರಿಗೂ ಕೊಡಿ, ನೀವೂ ಒಂದು ಸೆಟ್ ನೋಡಿ. ಬರೀ ಒಟ್ಟು ಅಂಕ ಬೇಡ, ಪ್ರಶ್ನೆವಾರು ಅಂಕ ಬರೆಸಿಕೊಳ್ಳಿ.

ಮದ್ದೂರಿನ ಅಪ್ಪ

ಮಾಡರೇಷನ್ ಅಂದರೆ ಗ್ರೇಸ್ ಮಾರ್ಕ್ಸ್ ಅಲ್ವಾ? ಪತ್ರಿಕೆ ಕಷ್ಟ ಇದ್ದಾಗ ಎಲ್ಲರಿಗೂ ಒಂದಿಷ್ಟು ಕೊಡುತ್ತಾರಲ್ಲ. ನನ್ನ ಮಗಳಿಗೆ ಪಿಯುಸಿಯಲ್ಲಿ ಇತಿಹಾಸದಲ್ಲಿ ಕಡಿಮೆ ಬಂತು. ಮರುಮೌಲ್ಯಮಾಪನಕ್ಕೆ ಹಾಕಿಸಿದ ಮೇಲೆ 11 ಜಾಸ್ತಿ ಬಂತು. ಅವಳು ಆ ಒಂದು ತಿಂಗಳು ಅತ್ತಿದ್ದಕ್ಕೆ ಲೆಕ್ಕವಿಲ್ಲ. ಮೊದಲೇ ಸರಿಯಾಗಿ ನೋಡಲು ಆಗುವುದಿಲ್ಲವಾ ನಿಮಗೆಲ್ಲ?

ಹಳೇ ಚೀಫ್

ನಿಮ್ಮ ಮಗಳ ಸಂಕಟ ಅರ್ಥವಾಗುತ್ತದೆ ಸರ್. ಆದರೆ ಇವೆರಡೂ ಬೇರೆ. ನೀವು ಹೇಳುವುದು ಪ್ರಶ್ನೆಪತ್ರಿಕೆ ಕಷ್ಟವಾಯಿತು ಅಂತ ಬರೆದವರಿಗೆಲ್ಲ ಏರಿಸುವುದು. 2017ರಲ್ಲಿ ಸಿಬಿಎಸ್ಇ ಅದನ್ನು ಕೈಬಿಡಲು ಹೊರಟಾಗ ದೆಹಲಿ ಹೈಕೋರ್ಟ್ ಆ ವರ್ಷ ಮುಂದುವರಿಸಿ ಅಂದಿತ್ತು, ಆ ಸುದ್ದಿ ನಿಮಗೆ ನೆನಪಿರಬಹುದು. ಇಲ್ಲಿ ಪತ್ರಿಕೆ ಎಲ್ಲರಿಗೂ ಒಂದೇ. ನೋಡಿದ ಕೈ ಬೇರೆ ಬೇರೆ. ನಿಮ್ಮ ಮಗಳಿಗೆ 11 ಜಾಸ್ತಿ ಬಂದದ್ದು ಈ ಕೈಗಳ ವ್ಯತ್ಯಾಸದಿಂದಲೇ ಇರಬಹುದು. ದುಡ್ಡು ಕಟ್ಟಿ ಅರ್ಜಿ ಹಾಕಿದವರಿಗೆ ಮಾತ್ರ ಅದು ಸರಿಹೋಗುತ್ತದೆ. ರಿಸಲ್ಟ್‌ಗೆ ಮುಂಚೆಯೇ ಹಿಡಿದರೆ ಎಲ್ಲರಿಗೂ ಸರಿಹೋಗುತ್ತದೆ.

ಮದ್ದೂರಿನ ಅಪ್ಪ

ಸರಿ ಮೇಡಮ್. ಆದರೂ ಫೋಟೋಕಾಪಿ ಕೇಳುವ ಹಕ್ಕು ಎಲ್ಲ ಕಾಲೇಜಲ್ಲೂ ಇರಬೇಕು.

ಕೋರ್ಟ್ ಪಕ್ಕದ ಮನೆ

ವಕೀಲ ನಾನು. ಅಪ್ಪನವರಿಗೆ: ಪರೀಕ್ಷೆ ಬರೆದವರು ತಮ್ಮ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದು ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ.

ಮೂಲ ಪ್ರಶ್ನೆಗೂ ಒಂದು ತೀರ್ಪಿದೆ, 2007ರದ್ದು. ಸಂಜಯ್ ಸಿಂಗ್ ವಿರುದ್ಧ ಉತ್ತರ ಪ್ರದೇಶ ಲೋಕಸೇವಾ ಆಯೋಗ. ಸಿವಿಲ್ ಜಡ್ಜ್ ಪರೀಕ್ಷೆಯಲ್ಲಿ ಎಲ್ಲರೂ ಬರೆದದ್ದು ಅವೇ ವಿಷಯಗಳನ್ನು. ಆದರೂ ಆಯೋಗ ಅಂಕಿಸಂಖ್ಯೆ ಸರ್ ಹೇಳಿದಂಥ ಸ್ಕೇಲಿಂಗ್ ಲೆಕ್ಕ ಹಾಕಿ ಅಂಕ ಬದಲಿಸಿತ್ತು. ಸ್ಕೇಲಿಂಗ್ ಇರುವುದು ಬೇರೆ ಬೇರೆ ವಿಷಯ ಬರೆದವರನ್ನು ಒಂದೇ ಪಟ್ಟಿಗೆ ತರಲು, ಒಂದೇ ವಿಷಯವನ್ನು ಹಲವರು ನೋಡಿದಾಗ ಮಾಡರೇಷನ್ನೇ ಸರಿ ಅಂತ ಕೋರ್ಟ್ ಹೇಳಿತು. ಅದರ ಕ್ರಮವನ್ನೂ ವಿವರಿಸಿದೆ. ಮುಖ್ಯ ಪರೀಕ್ಷಕರು ಎಲ್ಲರನ್ನೂ ಕೂರಿಸಿ ಮಾತಾಡಬೇಕು, ಮಾದರಿ ಪತ್ರಿಕೆ ತೆಗೆದು ನೋಡಬೇಕು, ಆಮೇಲೆ ಏರಿಸುವುದೋ ಇಳಿಸುವುದೋ ತೀರ್ಮಾನಿಸಬೇಕು. ಒಬ್ಬರ ಮೌಲ್ಯಮಾಪನ ಏರುಪೇರಾಗಿದ್ದು ಯಾವ ಲೆಕ್ಕಕ್ಕೂ ಸಿಗದಿದ್ದರೆ ಅವರ ಬಂಡಲ್ ಇನ್ನೊಬ್ಬರಿಂದ ಪೂರ್ತಿ ನೋಡಿಸಬೇಕು.

ಅಂಕಿಸಂಖ್ಯೆ

ತೀರ್ಪು ಓದಿರಲಿಲ್ಲ, ಓದುತ್ತೇನೆ. ಆದರೆ 10 ಪತ್ರಿಕೆ ತೀರಾ ಕಡಿಮೆ ಅನಿಸುತ್ತದೆ. ಅಷ್ಟರಲ್ಲಿ ಆಕಸ್ಮಿಕ ಏರಿಳಿತವೇ ಜಾಸ್ತಿ ಇರುತ್ತದೆ.

ಹಳೇ ಚೀಫ್

10ರಿಂದ 4.6 ಕೂಡಿಸಿ ಅಂತ ದಶಾಂಶದ ಲೆಕ್ಕ ಕೊಡಲು ಆಗುವುದಿಲ್ಲ ಸರ್, ಒಪ್ಪುತ್ತೇನೆ. ಆದರೆ ಯಾರ ಬಂಡಲ್ ತೆರೆಯಬೇಕು, ಅದರಲ್ಲಿ ಯಾವ ಪ್ರಶ್ನೆ ನೋಡಬೇಕು ಅಂತ ಗೊತ್ತುಮಾಡಿಕೊಳ್ಳಲು ಸಾಕು. ಅನುಮಾನ ಉಳಿದರೆ ಇನ್ನೊಂದು 10 ತೆಗೆಯಬಹುದು.

ಎಂ.ಎ. ಫೈನಲ್

ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದೇನೆ. ಇದರ ಬಗ್ಗೆ ಇಂಗ್ಲೆಂಡಿನಲ್ಲಿ 1930ರ ದಶಕದಲ್ಲಿ ಹಾರ್ಟಾಗ್ ಮತ್ತು ರೋಡ್ಸ್ ಅನ್ನುವವರು ಮಾಡಿದ ಪ್ರಯೋಗ ಓದಿದೆ, ಅದೂ ಇತಿಹಾಸ ಪತ್ರಿಕೆಯ ಮೇಲೇ. ಮೊದಲು ಒಂದೇ ಅಂಕ ಪಡೆದಿದ್ದ 15 ಪತ್ರಿಕೆಗಳನ್ನು 15 ಪರೀಕ್ಷಕರಿಗೆ ಕೊಟ್ಟರು. ಒಂದು ವರ್ಷಕ್ಕೂ ಹೆಚ್ಚು ಸಮಯ ಬಿಟ್ಟು ಅವರಲ್ಲಿ 14 ಜನರಿಗೆ ಅವೇ ಪತ್ರಿಕೆಗಳನ್ನು ಮತ್ತೆ ಕೊಟ್ಟರು. ಒಟ್ಟು 210 ತೀರ್ಮಾನಗಳಲ್ಲಿ 92ರಲ್ಲಿ ಪರೀಕ್ಷಕರು ತಮ್ಮದೇ ಹಿಂದಿನ ತೀರ್ಮಾನ ಬದಲಿಸಿದ್ದರು. ಮೊದಲು ಫೇಲ್ ಅಂದದ್ದು ಆಮೇಲೆ ಪಾಸ್, ಈ ರೀತಿ. ಅಂದಮೇಲೆ ಬಿಗಿ ಮೇಷ್ಟ್ರು, ಧಾರಾಳ ಮೇಷ್ಟ್ರು ಅಂತ ಇರುತ್ತಾರಾ? ಒಬ್ಬರೇ ದಿನಕ್ಕೊಂದು ಥರ ಇರುತ್ತಾರಲ್ಲ?

ಹಳೇ ಚೀಫ್

ಎರಡೂ ಇರುತ್ತವೆ ಮಗು. ಕ್ಯಾಂಪ್‌ನಲ್ಲಿ ಬೆಳಿಗ್ಗೆ ಹತ್ತೂವರೆಗೆ ನೋಡಿದ ಪತ್ರಿಕೆಗೂ ಸಂಜೆ ಕೊನೆಯ ಗಂಟೆಯಲ್ಲಿ ನೋಡಿದ್ದಕ್ಕೂ ಒಂದೇ ಕೈ ಕೆಲಸ ಮಾಡುವುದಿಲ್ಲ. ತುಂಬಾ ಒಳ್ಳೆಯ ಪತ್ರಿಕೆಯ ಹಿಂದೆಯೇ ಬಂದ ಸಾಧಾರಣ ಪತ್ರಿಕೆಗೆ ಎರಡು ಮೂರು ಅಂಕ ಕಡಿಮೆ ಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಇದನ್ನು ಹಿಡಿಯಲು ನಾನು ಒಂದು ಕೆಲಸ ಮಾಡುತ್ತಿದ್ದೆ. ನಿನ್ನೆ ಅವರೇ ನೋಡಿದ ಒಂದೆರಡು ಪತ್ರಿಕೆಯ ಗುರುತಿಲ್ಲದ ಪ್ರತಿಯನ್ನು ಇವತ್ತಿನ ಬಂಡಲ್ ನಡುವೆ ಸೇರಿಸಿಬಿಡುವುದು. 80ಕ್ಕೆ ಮೂರು ನಾಲ್ಕು ಅಂಕ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹತ್ತು ಹನ್ನೆರಡು ಆಚೀಚೆ ಆದರೆ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ. ತನಗೆ ತಾನೇ ಹೊಂದದ ಕೈಗೆ ಎಷ್ಟು ಕೂಡಿಸಿದರೂ, ಕಳೆದರೂ ಪ್ರಯೋಜನವಿಲ್ಲ.

ಸಕ್ಕರೆ ನಾಡು

ಇಷ್ಟೆಲ್ಲ ಮಾಡಲು ಯಾರಿಗೆ ಪುರುಸೊತ್ತಿದೆ? ಒಂದು ಪತ್ರಿಕೆಗೆ ಕೊಡುವ ಸಂಭಾವನೆ ಎಷ್ಟು ಅಂತ ಎಲ್ಲರಿಗೂ ಗೊತ್ತು.

ಮಂಡ್ಯ ಇತಿಹಾಸ

ಮೇಡಮ್ ಹೇಳಿದ ಹಾಗೆ ಮಾಡಿದೆವು. ಐವರೂ ಒಪ್ಪಿ ಶನಿವಾರ ಕೂತರು. ಫಲಿತಾಂಶ ನೋಡಿ ನನಗೆ ಆಶ್ಚರ್ಯವಾಯಿತು. ಹತ್ತೂ ಬರೆದರೆ ಉದ್ದವಾಗುತ್ತದೆ, ನಾಲ್ಕು ಪತ್ರಿಕೆಯದ್ದು ಮಾತ್ರ ಹೇಳುತ್ತೇನೆ. 1, 2, 5ನೆಯವರು ಪರಸ್ಪರ ಎರಡು ಮೂರು ಅಂಕದೊಳಗೇ ಇದ್ದಾರೆ, ಆದ್ದರಿಂದ ಅವರ ಸರಾಸರಿ ತೆಗೆದುಕೊಂಡಿದ್ದೇನೆ.

ತುಂಬಾ ಒಳ್ಳೆಯ ಪತ್ರಿಕೆ: ಆ ಮೂವರು 66, ಮೂರನೆಯವರು 58, ನಾಲ್ಕನೆಯವರು 51.
ಚೆನ್ನಾಗಿದೆ ಅನ್ನಬಹುದಾದದ್ದು: 52, 46, 47.
ಸಾಧಾರಣ: 40, 37, 45.
ಫೇಲಾಗುವಂಥದ್ದು: 24, 23, 39.

ಹತ್ತನ್ನೂ ಲೆಕ್ಕ ಹಾಕಿದರೆ ಮೂರನೆಯವರು ಉಳಿದವರಿಗಿಂತ ಸುಮಾರು 5 ಅಂಕ ಕೆಳಗೆ, 9 ಅಲ್ಲ. ಮಿಕ್ಕ 4 ಆ ಸೆಕ್ಷನ್‌ನ ಮಕ್ಕಳೇ ಹಿಂದಿದ್ದಾರೆ ಅಂತ ತಾನೇ ಅರ್ಥ? ಹಾಗಾದರೆ 5 ಕೂಡಿಸಲಾ?

ಹಳೇ ಚೀಫ್

ಅರ್ಥ ಅದೇ. ಆದರೆ 5 ಕೂಡಿಸಬೇಡಿ. ನಿಮ್ಮ ನಾಲ್ಕು ಸಾಲನ್ನೇ ಇನ್ನೊಂದು ಸಲ ನೋಡಿ. ಮೂರನೆಯವರ ವ್ಯತ್ಯಾಸ ಮೇಲಿನ ಪತ್ರಿಕೆಯಲ್ಲಿ 8, ಆಮೇಲೆ 6, ಆಮೇಲೆ 3, ಕೊನೆಯದರಲ್ಲಿ ಬರೀ 1. ಕೆಳಗಿನ ಮಕ್ಕಳ ವಿಷಯದಲ್ಲಿ ಅವರು ಬಿಗಿಯೇ ಅಲ್ಲ. ಅವರ ಬಂಡಲ್‌ನಲ್ಲಿ ಫೇಲಾದ 41 ಜನರಲ್ಲಿ ಬಹುಪಾಲು ಆ ಮೂವರಲ್ಲಿ ಯಾರ ಕೈಗೆ ಹೋಗಿದ್ದರೂ ಫೇಲೇ. ಎಲ್ಲರಿಗೂ 9 ಕೂಡಿಸಿದ್ದರೆ 23 ಬಂದವನು ಸರಿಯಾಗಿ 32ಕ್ಕೆ ಬಂದು ಪಾಸಾಗುತ್ತಿದ್ದ, ನಾಲ್ಕನೆಯವರನ್ನು ಬಿಟ್ಟರೆ ಉಳಿದ ನಾಲ್ವರ ಕೈಯಲ್ಲೂ ಪಾಸಾಗದ ಪತ್ರಿಕೆ ಅದು. ನಿಜವಾಗಿ ನಷ್ಟ ಆಗಿರುವುದು ಆ ಬಂಡಲ್‌ನ ಒಳ್ಳೆಯ ಮಕ್ಕಳಿಗೆ. ಅವರು ಪಾಸಾಗಿದ್ದಾರೆ ಅಂತ ಯಾರೂ ತಿರುಗಿ ನೋಡಿಲ್ಲ.

ಆ 8 ಅಂಕ ಯಾವ ಪ್ರಶ್ನೆಯಲ್ಲಿ ಹೋಯಿತು ನೋಡಿ. ಹದಿನೈದು ಅಂಕದವುಗಳಲ್ಲಿ ಅಂತ ನನ್ನ ಊಹೆ.

ಈಗ ನಾಲ್ಕನೆಯವರು. ನಾಲ್ಕು ಪತ್ರಿಕೆಗೆ ಅವರು ಕೊಟ್ಟದ್ದನ್ನು ಕೂಡಿಸಿ: 51, 47, 45, 39. ಒಟ್ಟು 182. ಆ ಮೂವರದ್ದು 66, 52, 40, 24. ಒಟ್ಟು 182. ಸರಾಸರಿಯಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ! ಅದಕ್ಕೇ ಅವರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಅವರು ಚೆನ್ನಾಗಿ ಬರೆದವಳಿಂದ 15 ಕಿತ್ತುಕೊಂಡು, ಏನೂ ಬರೆಯದವನಿಗೆ 15 ಕೊಟ್ಟಿದ್ದಾರೆ. 124ರಲ್ಲಿ ಬರೀ 2 ಫೇಲ್, 60 ದಾಟಿದವರು ಇಲ್ಲ ಅಂದಾಗಲೇ ನನಗೆ ಹಾಗನಿಸಿತ್ತು. ಪೂರ್ತಿ ಓದದೆ ನಡುವಿನ ಅಂಕ ಹಾಕುತ್ತಾ ಹೋದರೆ ಹೀಗಾಗುತ್ತದೆ. ಯಾರಿಂದಲೂ ತಕರಾರು ಬರುವುದಿಲ್ಲ, ಅದೇ ಅದರ ಅಪಾಯ.

ಅಂಕಿಸಂಖ್ಯೆ

ಇದಕ್ಕೆ ನನ್ನ ಸೂತ್ರ ಕೆಲಸ ಮಾಡುತ್ತದೆ ಮೇಡಮ್. ನಾಲ್ಕನೆಯವರ ಅಂಕಗಳ ಹರವು ಕಡಿಮೆ, ಹಿಗ್ಗಿಸಿದರೆ 51 ಹೋಗಿ 66ರ ಹತ್ತಿರ ಬರುತ್ತದೆ, 39 ಇಳಿದು 24ರ ಹತ್ತಿರ ಬರುತ್ತದೆ.

ಹಳೇ ಚೀಫ್

ಈ ನಾಲ್ಕು ಪತ್ರಿಕೆಯಲ್ಲಿ ಆಗುತ್ತದೆ, ಯಾಕೆಂದರೆ ಅವುಗಳ ನಡುವೆ ಅಷ್ಟು ಅಂತರ ಇದೆ. ಹತ್ತಿರ ಹತ್ತಿರದ ಪತ್ರಿಕೆಗಳಲ್ಲಿ ಅವರು ಯಾವುದನ್ನು ಮೇಲೆ ಇಟ್ಟಿದ್ದಾರೆ, ಯಾವುದನ್ನು ಕೆಳಗೆ? ಮಂಡ್ಯ ಇತಿಹಾಸ ಅವರೇ, ಉಳಿದ ಆರು ಪತ್ರಿಕೆ ನೋಡಿ ಹೇಳಿ.

ಮಂಡ್ಯ ಇತಿಹಾಸ

ನೋಡಿದೆ. ಉಳಿದವರು 49 ಕೊಟ್ಟದ್ದಕ್ಕೆ ಇವರು 43, ಉಳಿದವರು 35 ಕೊಟ್ಟದ್ದಕ್ಕೆ ಇವರು 46. ಇನ್ನೊಂದು ಜೋಡಿಯೂ ಹೀಗೇ ತಲೆಕೆಳಗಾಗಿದೆ.

ಅಂಕಿಸಂಖ್ಯೆ

ಹಾಗಿದ್ದರೆ ಹಿಗ್ಗಿಸಬಾರದು. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಕ್ರಮವೇ ತಪ್ಪಿದ್ದರೆ ಹಿಗ್ಗಿಸಿದಷ್ಟೂ ತಪ್ಪು ದೊಡ್ಡದಾಗುತ್ತದೆ. ಆ ಬಂಡಲ್ ಮತ್ತೆ ನೋಡಿಸಬೇಕು.

ಕೋರ್ಟ್ ಪಕ್ಕದ ಮನೆ

ತೀರ್ಪಿನಲ್ಲಿ ಪೂರ್ತಿ ಮತ್ತೆ ನೋಡಿಸಿ ಅಂದದ್ದು ಇಂಥ ಬಂಡಲ್‌ಗೇ. ರಿಸಲ್ಟ್ ಕೊಡುವ ಮೊದಲು ಮಾಡಿ. ಮಂಡಳಿಯ ನಡಾವಳಿಯಲ್ಲಿ ಕಾರಣ ಬರೆದಿಡಿ.

ಮಂಡ್ಯ ಇತಿಹಾಸ

ಮೇಡಮ್ ಊಹೆ ಸರಿಯಾಗಿತ್ತು. ನಮ್ಮ ಪತ್ರಿಕೆಯಲ್ಲಿ ಎರಡು ಅಂಕದ 10 ಪ್ರಶ್ನೆ, ಐದು ಅಂಕದ 6, ಹದಿನೈದು ಅಂಕದ 2. ಮೂರನೆಯವರು ಮೊದಲ ಎರಡು ಭಾಗದಲ್ಲಿ ಎಲ್ಲರ ಜೊತೆಗೇ ಇದ್ದಾರೆ. ಆ ಒಳ್ಳೆಯ ಪತ್ರಿಕೆಯ ಎರಡು ದೊಡ್ಡ ಉತ್ತರಗಳಿಗೆ ಉಳಿದವರು 12 ಮತ್ತು 13 ಕೊಟ್ಟಿದ್ದಾರೆ, ಇವರು 9 ಮತ್ತು 8. ಹತ್ತು ಪತ್ರಿಕೆಯಲ್ಲಿ ಎಲ್ಲೂ ಹದಿನೈದಕ್ಕೆ 9 ದಾಟಿಲ್ಲ.

ಯಾಕೆ ಅಂತ ಕೇಳಿದೆ. ಪ್ರಶ್ನೆ, 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಾವೇ ವಹಿಸಿಕೊಳ್ಳಲು ಕಾರಣಗಳೇನು. ಹುಡುಗಿ ದಿವಾನ್ ಪೂರ್ಣಯ್ಯ 1811ರಲ್ಲಿ ಅಧಿಕಾರ ಬಿಟ್ಟದ್ದು, ಕಂದಾಯದ ಹೊರೆ, ಕಂಪನಿಗೆ ಕೊಡಬೇಕಾದ ಹಣದ ಬಾಕಿ, ನಗರ ಪ್ರಾಂತ್ಯದ ರೈತರ ದಂಗೆ, ಗವರ್ನರ್ ಜನರಲ್ ಬೆಂಟಿಂಕ್‌ನ ತೀರ್ಮಾನ ಎಲ್ಲವನ್ನೂ ತಲೆಬರಹ ಹಾಕಿ ಬರೆದಿದ್ದಾಳೆ. ನಮ್ಮ ಸ್ಕೀಮ್‌ನಲ್ಲಿ "ಪೀಠಿಕೆ 2, ಕಾರಣಗಳು 11, ಉಪಸಂಹಾರ 2" ಅಂತ ಮಾತ್ರ ಇದೆ. ಉಳಿದವರು ಒಂದೊಂದು ಕಾರಣಕ್ಕೆ ಎರಡೆರಡು ಅಂಕ ಹಾಕುತ್ತಾ ಹೋಗಿದ್ದಾರೆ. ಮೂರನೆಯವರು ಹೇಳುವುದು, ಕಂದಾಯದ ಹೊರೆಗೂ ನಗರದ ದಂಗೆಗೂ ಏನು ಸಂಬಂಧ ಅಂತ ಒಂದು ವಾಕ್ಯವೂ ಇಲ್ಲ, ದಂಗೆ ಕಾರಣವೋ ನೆಪವೋ ಅಂತ ಯೋಚಿಸಿಲ್ಲ, ಪಟ್ಟಿಗೆ 9ಕ್ಕಿಂತ ಜಾಸ್ತಿ ಕೊಡಲಾರೆ ಅಂತ.

ಕೆಂಪು ಪೆನ್

ಅವರು ಹೇಳಿದ್ದರಲ್ಲಿ ಏನು ತಪ್ಪು? ಇತಿಹಾಸ ಅಂದರೆ ಅದೇ ಅಲ್ವಾ? ಐದು ತಲೆಬರಹ ಗೈಡಿನಿಂದ ಬಾಯಿಪಾಠ ಮಾಡಿ ಬರೆದರೆ 12, ಒಂದು ಕಾರಣ ಹೇಗೆ ಇನ್ನೊಂದಕ್ಕೆ ದಾರಿ ಮಾಡಿತು ಅಂತ ಬರೆದವನಿಗೂ 12. ಹಾಗಾದರೆ ಯೋಚಿಸಿ ಯಾಕೆ ಬರೆಯಬೇಕು? ನಾಲ್ಕು ಜನ ಒಂದು ಕಡೆ ಇದ್ದಾರೆ ಅಂದಮಾತ್ರಕ್ಕೆ ಅವರೇ ಸರಿ ಅಂತಲ್ಲ.

ಹಳೇ ಚೀಫ್

ಮೇಷ್ಟ್ರೇ, ವಿಷಯದ ದೃಷ್ಟಿಯಿಂದ ನಾನು ನಿಮ್ಮ ಕಡೆಗೇ. ಆದರೆ ಮೂರನೆಯವರ ಕೈಗೆ ಬಿದ್ದ 124 ಮಕ್ಕಳಿಗೆ ಮಾತ್ರ ಆ ನಿಯಮ, ಉಳಿದ 496 ಮಕ್ಕಳಿಗೆ ಬೇರೆ ನಿಯಮ ಅಂದರೆ ಹೇಗೆ? ಪರೀಕ್ಷೆ ಬರೆಯುವಾಗ ಯಾವ ಮಗುವಿಗೂ ತನ್ನ ಪತ್ರಿಕೆ ಯಾರ ಮೇಜಿಗೆ ಹೋಗುತ್ತದೆ ಅಂತ ಗೊತ್ತಿರುವುದಿಲ್ಲ. ಈ ಸಲ ಸ್ಕೀಮ್‌ನಲ್ಲಿ ಏನು ಬರೆದಿದೆಯೋ ಅದೇ ಎಲ್ಲರಿಗೂ. ಸಂಬಂಧ ಬರೆದವರಿಗೆ ಅಂಕ ಬೇಕು ಅಂದರೆ ಮೊದಲೇ ಸ್ಕೀಮ್‌ನಲ್ಲಿ ಬರೆಯಿರಿ, ಕಾರಣಗಳಿಗೆ 7, ಅವುಗಳನ್ನು ಹೆಣೆದದ್ದಕ್ಕೆ 4 ಅಂತ. ಆಗ ಐವರೂ ಹಾಗೇ ನೋಡುತ್ತಾರೆ.

ಮಂಡ್ಯ ಇತಿಹಾಸ ಅವರೇ, ಮೂರನೆಯವರ ಬಂಡಲ್‌ನಲ್ಲಿ ಕೊನೆಯ ಭಾಗ ಮಾತ್ರ ಮತ್ತೆ ನೋಡಿಸಿ. 124 ಪತ್ರಿಕೆ, ಎರಡೆರಡು ಉತ್ತರ, ಅಂದರೆ 248 ಉತ್ತರ. ಒಂದಕ್ಕೆ ಮೂರು ನಿಮಿಷ ಹಿಡಿದರೆ ಹನ್ನೆರಡೂವರೆ ಗಂಟೆ. ಇಬ್ಬರು ಕೂತರೆ ಒಂದು ದಿನದ ಕೆಲಸ. ಎಲ್ಲರಿಗೂ ಲೆಕ್ಕದಿಂದ ಕೂಡಿಸುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಅಂಕ ಎಲ್ಲಿ ಕಳೆದುಹೋಗಿತ್ತೋ ಅಲ್ಲೇ ಸಿಗುತ್ತದೆ. ಮೂರನೆಯವರನ್ನೂ ಕೂರಿಸಿಕೊಳ್ಳಿ, ಹೊರಗೆ ಇಡಬೇಡಿ. ನಾಲ್ಕನೆಯವರದ್ದು ಪೂರ್ತಿ, ಬೇರೆ ಕೈಯಿಂದ.

ಜೊತೆಗೆ ಐದೂ ಬಂಡಲ್‌ನಲ್ಲಿ 28ರಿಂದ 31ರವರೆಗೆ ಬಂದವರನ್ನು ನೀವೇ ಒಂದು ಸಲ ನೋಡಿಬಿಡಿ. ಅಲ್ಲಿ ಎರಡು ಅಂಕದ ವ್ಯತ್ಯಾಸಕ್ಕೆ ಒಂದು ವರ್ಷದ ಬೆಲೆ ಇದೆ.

ಎಂ.ಎ. ಫೈನಲ್

ಸ್ಕೀಮ್‌ನಲ್ಲಿ ಇಲ್ಲದ ತಪ್ಪುಗಳಿಗೆ ಏನು ಮಾಡುತ್ತಾರೆ? ಶಿವಪುರದ ಧ್ವಜ ಸತ್ಯಾಗ್ರಹ ಬರೆಯುವಾಗ ಗೋಲಿಬಾರ್ ಅಲ್ಲೇ ಆಯಿತು ಅಂತ ನನ್ನ ಗೆಳೆಯ ಬರೆದಿದ್ದ. ವಿದುರಾಶ್ವತ್ಥದ್ದನ್ನು ಇಲ್ಲಿಗೆ ತಂದಿದ್ದಾನೆ. ಎರಡೂ 1938ರ ಏಪ್ರಿಲ್, ಎರಡರಲ್ಲೂ ಧ್ವಜ. ಒಬ್ಬರು ಅರ್ಧ ಅಂಕ ಕಳೆದರು ಅಂತೆ, ಇನ್ನೊಬ್ಬರಾಗಿದ್ದರೆ ಉತ್ತರವನ್ನೇ ಹೊಡೆದುಹಾಕುತ್ತಿದ್ದರು.

ಮದ್ದೂರಿನ ಅಪ್ಪ

ಶಿವಪುರದ ಹತ್ತಿರದವನೇ ನಾನು, ಸತ್ಯಾಗ್ರಹ ಸೌಧದ ಮುಂದೆಯೇ ದಿನಾ ಓಡಾಡುತ್ತೇನೆ. ಮಂಡ್ಯದ ಮಕ್ಕಳಿಗೇ ಇದು ಗೊತ್ತಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ. ಅರ್ಧ ಅಂಕ ಸಾಲದು.

ಹಳೇ ಚೀಫ್

ಅದಕ್ಕೇ ವ್ಯಾಲ್ಯೂಯೇಷನ್ ಶುರುವಾಗುವ ದಿನ ಬೆಳಿಗ್ಗೆ ಎಲ್ಲರೂ ಒಂದೇ ಐದಾರು ಪತ್ರಿಕೆ ನೋಡಬೇಕು, ಆಮೇಲೆ ಮಾತಾಡಬೇಕು, ಆಮೇಲೆ ಬಂಡಲ್ ಒಡೆಯಬೇಕು. ಇಂಥ ತಪ್ಪುಗಳು ಆ ಐದಾರರಲ್ಲೇ ಸಿಕ್ಕಿಬಿಡುತ್ತವೆ. ಅರ್ಧ ಕಳೆಯುವುದೋ ಒಂದು ಕಳೆಯುವುದೋ ಅಂತ ಸ್ಕೀಮ್ ಅಂಚಿನಲ್ಲೇ ಬರೆದು ಎಲ್ಲರಿಗೂ ಕೊಡಬಹುದು. ಈ ಸಲ ನಿಮ್ಮಲ್ಲಿ ಮಾಡಿದಿರಾ?

ಮಂಡ್ಯ ಇತಿಹಾಸ

ಇಲ್ಲ ಮೇಡಮ್. ಸ್ಕೀಮ್ ಜೆರಾಕ್ಸ್ ಕೊಟ್ಟು ಕಳಿಸುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದ ರೂಢಿ. ಮುಂದಿನ ಸೆಮಿಸ್ಟರ್‌ನಿಂದ ಕಲಸಿ ಹಂಚುವುದು, ಮೊದಲ ದಿನ ಒಟ್ಟಿಗೆ ಕೂರುವುದು ಎರಡನ್ನೂ ಮಂಡಳಿಯ ಮುಂದೆ ಇಡುತ್ತೇನೆ.

ಒಂದು ವಿಷಯ ಮಾತ್ರ ಕಾಡುತ್ತಿದೆ. ನಾಲ್ಕನೆಯವರ ಬಂಡಲ್ ಮತ್ತೆ ನೋಡಿಸಿದರೆ ಈಗ ಪಾಸಾಗಿರುವ ಹತ್ತು ಹದಿನೈದು ಜನ ಫೇಲಾಗಬಹುದು. ಪ್ರಾಂಶುಪಾಲರು "ಏರಿಸುವುದಾದರೆ ಏರಿಸಿ, ಇಳಿಸಬೇಡಿ" ಅನ್ನುತ್ತಿದ್ದಾರೆ.

ಸಕ್ಕರೆ ನಾಡು

ಅವರು ಹೇಳಿದ್ದು ಸರಿ. ಕೊಟ್ಟ ಅಂಕ ಕಿತ್ತುಕೊಳ್ಳಬಾರದು.

ಕೆಂಪು ಪೆನ್

ಕೊಟ್ಟೇ ಇಲ್ಲವಲ್ಲ, ರಿಸಲ್ಟ್ ಬಂದಿಲ್ಲ. ಮೂರನೆಯವರ ಬಂಡಲ್‌ನಲ್ಲಿ 23 ಬಂದವನು ಫೇಲ್, ನಾಲ್ಕನೆಯವರ ಬಂಡಲ್‌ನಲ್ಲಿ ಅದೇ ಉತ್ತರ ಬರೆದವನು 39 ತೆಗೆದುಕೊಂಡು ಪಾಸ್. ಇದನ್ನು ಹಾಗೇ ಬಿಟ್ಟರೆ ಫೇಲಾದವನಿಗೆ ಏನು ಉತ್ತರ ಹೇಳುತ್ತೀರಿ?

ಕೋರ್ಟ್ ಪಕ್ಕದ ಮನೆ

ಕಾನೂನಿನ ದೃಷ್ಟಿಯಿಂದ ಮಾಡರೇಷನ್‌ನಲ್ಲಿ ಇಳಿಸಲೂಬಹುದು, ತೀರ್ಪಿನಲ್ಲಿ ಎರಡೂ ಇದೆ. ಆದರೆ ನಿಮ್ಮ ಕಾಲೇಜಿನ ಪರೀಕ್ಷಾ ನಿಯಮಾವಳಿಯಲ್ಲಿ ಏನಿದೆ ಅಂತ ಮೊದಲು ನೋಡಿ.

ಹಳೇ ಚೀಫ್

ನನ್ನ ಅನುಭವದಲ್ಲಿ ಪ್ರಾಂಶುಪಾಲರು ಯಾವಾಗಲೂ ಹೀಗೇ ಹೇಳುತ್ತಾರೆ. ಏರಿಸುವುದು ಮಾತ್ರ ಅಂದರೆ ಆ ಬಂಡಲ್‌ನ ಒಳ್ಳೆಯ ಮಕ್ಕಳಿಗೆ ನ್ಯಾಯ ಸಿಗುತ್ತದೆ, ಉಳಿದ ಬಂಡಲ್‌ಗಳ ಫೇಲಾದ ಮಕ್ಕಳಿಗೆ ಸಿಗುವುದಿಲ್ಲ. ನಾನಾಗಿದ್ದರೆ ಎರಡೂ ಮಾಡುತ್ತಿದ್ದೆ. 32ರ ಕೆಳಗೆ ಇಳಿಯುವ ಪ್ರತಿ ಪತ್ರಿಕೆಯನ್ನೂ ಮೂರನೆಯ ಕೈಯಿಂದ ನೋಡಿಸಿ ಸಹಿ ಹಾಕಿಸುತ್ತಿದ್ದೆ.

ಅಂಕಿಸಂಖ್ಯೆ

ಸರ್, ಪ್ರಶ್ನೆವಾರು ಅಂಕಗಳ ಪಟ್ಟಿ ಹೆಸರಿಲ್ಲದೆ ಕಳಿಸಲು ಸಾಧ್ಯವಾದರೆ ಕಳಿಸಿ. 1, 2, 5ನೆಯವರು ಐದು ಅಂಕದ ಪ್ರಶ್ನೆಗಳಲ್ಲೂ ನಿಜವಾಗಿ ಹೊಂದುತ್ತಾರಾ ಅಂತ ನೋಡಬೇಕು. ಒಟ್ಟು ಹೊಂದಿದೆ ಅಂದಮಾತ್ರಕ್ಕೆ ಒಳಗೆ ಹೊಂದಿದೆ ಅಂತ ಆಗುವುದಿಲ್ಲ, ನಾಲ್ಕನೆಯವರದ್ದು ನೋಡಿದೆವಲ್ಲ.

ಮಂಡ್ಯ ಇತಿಹಾಸ

ಸೋಮವಾರ ಮಂಡಳಿ ಸಭೆ ಇದೆ. ಪಟ್ಟಿ ಇವತ್ತೇ ಟೈಪ್ ಮಾಡಿಸುತ್ತೇನೆ ಸರ್. ಇಳಿಸುವ ವಿಷಯದಲ್ಲಿ ಪ್ರಾಂಶುಪಾಲರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ, ಆದರೆ ಆ ನಾಲ್ಕು ಸಾಲು ಅಂಕಗಳನ್ನು ಅವರ ಮುಂದೆ ಇಟ್ಟೇ ಮಾತಾಡುತ್ತೇನೆ.